ಕಾಲೂರದ ಮಗು: ನಾಲ್ಕು ವರ್ಷದ ಹುಡುಗನೊಬ್ಬನ ಪ್ರಕರಣ

ನಾನು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ. ಈ ಹುಡುಗನ ಊರು, ಮನೆಯವರ ಕಸುಬು, ಬಂದ ತಿಂಗಳು ಯಾವುದನ್ನೂ ಇಲ್ಲಿ ಇದ್ದಂತೆ ಬರೆದಿಲ್ಲ. ಬರೆದಿರುವುದು ಅವನ ಕುಂಟು ಹೇಗೆ ಶುರುವಾಯಿತು, ನಾನು ಎಲ್ಲಿ ಸರಿಯಾಗಿ ಯೋಚಿಸಿದೆ, ಎಲ್ಲಿ ಕಣ್ಣೆದುರು ಇದ್ದದ್ದನ್ನು ದಾಟಿ ಹೋದೆ ಎಂಬುದನ್ನು. ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರಿಗೆ ಇದು ಹೆಚ್ಚು ಉಪಯೋಗವಾದೀತು. ತಂದೆತಾಯಂದಿರು ಓದಿದರೂ ನಷ್ಟವಿಲ್ಲ.

ಮೊದಲ ಭೇಟಿ

ಹುಡುಗನಿಗೆ ನಾಲ್ಕು ವರ್ಷ ಮೂರು ತಿಂಗಳು, ತೂಕ 14 ಕಿಲೊ. ಅಂಗನವಾಡಿಯಲ್ಲಿ ಎಲ್ಲರಿಗಿಂತ ಮುಂದೆ ಓಡುವವನು. ಹಿಂದಿನ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಬಲಗಾಲು ಎಳೆದು ನಡೆದನಂತೆ. "ಬಿದ್ದಿಲ್ಲ ಮೇಡಂ, ಯಾರೂ ಹೊಡ್ದಿಲ್ಲ, ಇದ್ದಕ್ಕಿದ್ದಂಗೆ ಕುಂಟ್ತಾನೆ," ಎಂದರು ತಾಯಿ. ಅಜ್ಜಿಗೆ ಮಾತ್ರ ಅದು ಉಳುಕು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಹತ್ತು ದಿನದ ಹಿಂದೆ ನೆಗಡಿ, ಕೆಮ್ಮು ಬಂದು ಹೋಗಿತ್ತು. ಜ್ವರ ಇಲ್ಲ.

ಕುಂಟುವ ಮಗು ಬಂದಾಗ ನಾನು ಮುಟ್ಟುವ ಮೊದಲು ನೋಡುತ್ತೇನೆ. ತಾಯಿಯನ್ನು ಕಾರಿಡಾರಿನ ಆ ತುದಿಗೆ ಕಳಿಸಿ ಮಗುವನ್ನು ಅವಳತ್ತ ನಡೆಯಲು ಬಿಟ್ಟರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಆಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ನೋವಿನ ಕುಂಟೋ, ಶಕ್ತಿ ಇಲ್ಲದ ಕುಂಟೋ? ನೋವಿರುವ ಮಗು ಆ ಕಾಲಿನ ಮೇಲೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡುತ್ತದೆ, ಕೆಂಡ ತುಳಿದವರ ಹಾಗೆ ಬೇಗ ಬೇಗ ಎತ್ತುತ್ತದೆ. ಶಕ್ತಿ ಇಲ್ಲದ ಕಾಲು ಜೋಲುತ್ತದೆ, ಪಾದ ನೆಲಕ್ಕೆ ತಾಗುತ್ತದೆ, ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಹಾರುವುದಿಲ್ಲ. ಈ ಎರಡನೆಯದು ಇದ್ದಕ್ಕಿದ್ದಂತೆ ಬಂದಿದ್ದರೆ ದಾರಿಯೇ ಬೇರೆ. ನಮ್ಮ ದೇಶದಲ್ಲಿ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆದರೂ 15 ವರ್ಷದೊಳಗಿನ ಮಗುವಿನ ಕೈಕಾಲು ದಿಢೀರನೆ ಸೋತರೆ ಅದೇ ದಿನ ಜಿಲ್ಲೆಗೆ ತಿಳಿಸಬೇಕು, 24 ಗಂಟೆಯ ಅಂತರದಲ್ಲಿ ಎರಡು ಸಲ ಮಲದ ಮಾದರಿ ಕಳಿಸಬೇಕು. ಈಗ ಅಂಥ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಗುಲ್ಲೇನ್-ಬಾರೇ ಎಂಬ ನರಗಳ ಕಾಯಿಲೆ. ಅದು ಕಾಲಿನಿಂದ ಮೇಲೇರಿ ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಹುದು. ಹಾಗಾಗಿ "ನಡೆಯಲ್ಲ" ಎಂಬ ಮಾತನ್ನು "ನಡೆಯಲಾಗಲ್ಲ" ಎಂಬುದರಿಂದ ಬೇರೆ ಮಾಡದೆ ಮುಂದಕ್ಕೆ ಹೋಗಬಾರದು.

ನಮ್ಮ ಹುಡುಗನದು ನೋವಿನ ಕುಂಟು. ಮಂಡಿ ತಟ್ಟಿದರೆ ಕಾಲು ಚೆನ್ನಾಗಿ ಹಾರುತ್ತಿತ್ತು. ಎಲ್ಲಿ ನೋವು ಎಂದರೆ ಮಂಡಿ ತೋರಿಸಿದ. ಇಲ್ಲಿ ಹೊಸಬರು ಮೋಸ ಹೋಗುತ್ತಾರೆ. ಸೊಂಟದ ಕೀಲಿಗೂ ಮಂಡಿಗೂ ನೋವಿನ ಸುದ್ದಿ ಒಯ್ಯುವ ನರ ಒಂದೇ ಆದ್ದರಿಂದ ಸೊಂಟದ ಕಾಯಿಲೆ ಮಂಡಿಯಲ್ಲಿ ನೋಯುತ್ತದೆ. ಮಂಡಿ ನೋವೆಂದು ಬಂದ ಮಗುವಿನ ಮಂಡಿಯ ಎಕ್ಸ್‌ರೇ ಮಾತ್ರ ತೆಗೆದು, ಸರಿಯಿದೆ ಎಂದು ಕಳಿಸಿ, ತಿಂಗಳುಗಟ್ಟಲೆ ಸೊಂಟದ ರೋಗವನ್ನು ಬಿಟ್ಟುಬಿಟ್ಟ ಉದಾಹರಣೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಗಾತ ಮಲಗಿಸಿ, ಮಂಡಿ ಮಡಚಿ, ಪಾದವನ್ನು ಹೊರಕ್ಕೆ ತಂದರೆ ತೊಡೆ ಒಳಕ್ಕೆ ತಿರುಗುತ್ತದೆ. ಸೊಂಟದ ಕೀಲಿನೊಳಗೆ ನೀರೋ ಕೀವೋ ತುಂಬಿದ್ದರೆ ಮೊದಲು ಕಡಿಮೆಯಾಗುವುದು ಈ ತಿರುಗುವಿಕೆಯೇ. ಹುಡುಗನ ಎಡಗಡೆ ಸಲೀಸಾಗಿ ತಿರುಗಿತು. ಬಲಗಡೆ ಸ್ವಲ್ಪ ತಿರುಗಿಸುತ್ತಿದ್ದಂತೆ ಮುಖ ಕಿವುಚಿದ.

ವಯಸ್ಸಿನ ಮೂರು ಪುಟ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಕುಂಟುವ ಮಗುವಿಗೆ ಮೂರು ಪುಟಗಳಿವೆ. ರೋಗಗಳ ಪಟ್ಟಿ ಉದ್ದ, ಆದರೆ ವಯಸ್ಸು ಕೇಳಿದ ಕೂಡಲೇ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದೇ ಹುಡುಗ ಬೇರೆ ವಯಸ್ಸಿನವನಾಗಿದ್ದರೆ ನಾನು ಏನು ಯೋಚಿಸುತ್ತಿದ್ದೆ ಎಂದು ಹೇಳಿದರೆ ಸ್ಪಷ್ಟವಾದೀತು.

ಅವನಿಗೆ ಒಂದೂವರೆ ವರ್ಷ ಎಂದುಕೊಳ್ಳಿ. ಆಗ ಮೊದಲು ಕೈ ಹಾಕುವುದು ಮೊಣಕಾಲಿನ ಕೆಳಗಿನ ಮೂಳೆಗೆ. ಆಗತಾನೆ ನಡೆಯಲು ಕಲಿತ ಮಗು ಪಾದ ಸಿಕ್ಕಿಸಿಕೊಂಡು ತಿರುಗಿ ಬಿದ್ದರೆ ಮುಂಗಾಲಿನ ಮೂಳೆಯಲ್ಲಿ ತಿರುಚಿದ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬಿದ್ದದ್ದನ್ನು ಯಾರೂ ಕಂಡಿರುವುದಿಲ್ಲ. ಊತವೂ ಇರುವುದಿಲ್ಲ. ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು. ಸುಮಾರು ಹತ್ತು ದಿನದ ನಂತರ ಮತ್ತೆ ತೆಗೆದರೆ ಮೂಳೆಯ ಅಂಚಿನಲ್ಲಿ ಹೊಸ ಮೂಳೆಯ ಬಿಳಿ ಗೆರೆ ಗುಟ್ಟು ಹೇಳುತ್ತದೆ. ಅಂಗಾಲಿಗೆ ಚುಚ್ಚಿದ ಜಾಲಿ ಮುಳ್ಳನ್ನು ಹುಡುಕುವುದೂ ಈ ವಯಸ್ಸಿನಲ್ಲೇ. ನಡೆಯಲು ಶುರುಮಾಡಿದಾಗಿನಿಂದಲೂ ನೋವಿಲ್ಲದೆ ಬಾತುಕೋಳಿಯ ಹಾಗೆ ತೂಗಾಡುತ್ತಿದ್ದರೆ ಹುಟ್ಟಿನಿಂದಲೇ ಜಾರಿದ ಸೊಂಟದ ಕೀಲು ಇದೆಯೇ ಎಂದು ನೋಡಬೇಕು. ಇನ್ನು, ಪೆಟ್ಟಿನ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿದರೆ, ಇನ್ನೂ ನಡೆಯದ ಕೂಸಿನ ತೊಡೆಮೂಳೆ ಮುರಿದಿದ್ದರೆ, ಯಾರಾದರೂ ಹೊಡೆದಿರಬಹುದೇ ಎಂಬ ಕಹಿ ಪ್ರಶ್ನೆಯನ್ನು ನುಂಗಿಕೊಳ್ಳುವ ಹಾಗಿಲ್ಲ.

ಹನ್ನೆರಡು ವರ್ಷದ ದಪ್ಪ ಮೈಯ ಹುಡುಗನಾಗಿದ್ದರೆ? ಆಗ ನನಗೆ ಭಯ ತೊಡೆಮೂಳೆಯ ತಲೆ ಜಾರಿರುವುದರ ಬಗ್ಗೆ. ಬೆಳೆಯುವ ಮೂಳೆಯ ತುದಿಯಲ್ಲಿರುವ ಮೃದುವಾದ ತಟ್ಟೆಯ ಜಾಗದಲ್ಲಿ, ಕೋನ್ ಮೇಲಿನ ಐಸ್‌ಕ್ರೀಮ್ ಜಾರಿದಂತೆ, ತಲೆ ಹಿಂದಕ್ಕೆ ಸರಿಯುತ್ತದೆ. ಅವನೂ ಮಂಡಿನೋವು ಎಂದೇ ಬರುತ್ತಾನೆ. ಮಂಡಿಯನ್ನು ಎದೆಯತ್ತ ಮಡಚಿದರೆ ತೊಡೆ ನೇರ ಬಾರದೆ ತಾನಾಗಿ ಹೊರಕ್ಕೆ ಹೊರಳುತ್ತದೆ. ಕಾಲು ಅಗಲಿಸಿ ಕಪ್ಪೆ ಭಂಗಿಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಇದು ಚೆನ್ನಾಗಿ ಕಾಣುತ್ತದೆ, ನೇರ ತೆಗೆದದ್ದರಲ್ಲಿ ತಪ್ಪಿಹೋಗಬಹುದು. ಅನುಮಾನ ಬಂದ ಕ್ಷಣದಿಂದ ಆ ಹುಡುಗನನ್ನು ನಡೆಸಬಾರದು. ಗಾಲಿಕುರ್ಚಿಯಲ್ಲಿ ಕೂರಿಸಿ ಶಸ್ತ್ರಚಿಕಿತ್ಸೆ ಇರುವಲ್ಲಿಗೆ ಕಳಿಸಬೇಕು, ಏಕೆಂದರೆ ಮುಂದಿನ ಒಂದು ಹೆಜ್ಜೆಯಲ್ಲಿ ಅರ್ಧ ಜಾರಿದ್ದು ಪೂರ್ತಿ ಜಾರಬಹುದು.

ನಾಲ್ಕು ವರ್ಷದವನ ಪುಟ ನಡುವಿನದು. ಮೂರರಿಂದ ಹತ್ತರವರೆಗಿನ ಈ ಪುಟದಲ್ಲಿ ಮೊದಲ ಸಾಲು, ನೆಗಡಿ ಬಂದು ಹೋದ ಮೇಲೆ ಸೊಂಟದ ಕೀಲಿನಲ್ಲಿ ತಾತ್ಕಾಲಿಕವಾಗಿ ನೀರು ತುಂಬುವ ಸೈನೊವೈಟಿಸ್. ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಎರಡನೆಯದು ಪರ್ಥೀಸ್: ತೊಡೆಮೂಳೆಯ ತಲೆಗೆ ರಕ್ತ ಸರಬರಾಜು ನಿಂತು ಮೂಳೆ ಕುಸಿಯುವ ಕಾಯಿಲೆ, ಹುಡುಗಿಯರಿಗಿಂತ ಹುಡುಗರಲ್ಲಿ ನಾಲ್ಕೈದು ಪಟ್ಟು ಹೆಚ್ಚು, ವಾರಗಟ್ಟಲೆ ಬಂದು ಹೋಗುವ ಕುಂಟು. ಮೂರನೆಯದು ಕೀಲುವಾತ. ಪುಟದ ಕೆಳಗೆ, ಅಂಡರ್‌ಲೈನ್ ಮಾಡಿ ಬರೆದದ್ದು ರಕ್ತದ ಕ್ಯಾನ್ಸರ್. ಮಕ್ಕಳ ಲುಕೇಮಿಯಾ ಅತಿ ಹೆಚ್ಚು ಕಾಣುವುದು ಎರಡರಿಂದ ಐದು ವರ್ಷದ ನಡುವೆ, ಅಂದರೆ ಸೈನೊವೈಟಿಸ್ ಕಾಣುವ ವಯಸ್ಸಿನಲ್ಲೇ.

ಕೀಲಿನ ಕೀವು ಮತ್ತು ಮೂಳೆಯ ಸೋಂಕು ಮೂರೂ ಪುಟಗಳಲ್ಲಿವೆ. ನಮ್ಮ ಕಡೆ ಬೆನ್ನುಮೂಳೆ ಮತ್ತು ಸೊಂಟದ ಕ್ಷಯವನ್ನೂ ಮೂರರಲ್ಲೂ ಬರೆದುಕೊಳ್ಳಬೇಕು.

ಅಂದು ಕೈಗೊಂಡ ನಿರ್ಧಾರ

ಮೊದಲ ದಿನ ತೀರ್ಮಾನಿಸಲೇಬೇಕಾದ ವಿಷಯ ಒಂದೇ, ಸೊಂಟದಲ್ಲಿ ಕೀವು ಇದೆಯೋ ಇಲ್ಲವೋ. ಕೀವಾಗಿದ್ದರೆ ನಾಳೆ ಎನ್ನುವಂತಿಲ್ಲ, ಅದು ಮೃದ್ವಸ್ಥಿಯನ್ನು ಕರಗಿಸುತ್ತದೆ, ಜೀವನವಿಡೀ ಕುಂಟು ಉಳಿಯುತ್ತದೆ. ಇದನ್ನು ಅಂದಾಜು ಮಾಡಲು 1999ರಲ್ಲಿ ಕೋಕರ್ ಮತ್ತು ಸಂಗಡಿಗರು ಕೊಟ್ಟ ನಾಲ್ಕು ಪ್ರಶ್ನೆಗಳು ಈಗಲೂ ಬಳಕೆಯಲ್ಲಿವೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಮಗು ಕಾಲೂರಲು ಪೂರ್ತಿ ನಿರಾಕರಿಸುತ್ತದೆಯೇ, ಮೈಯಲ್ಲಿನ ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಯಾದ ಇ.ಎಸ್.ಆರ್. 40 ಅಥವಾ ಅದಕ್ಕಿಂತ ಹೆಚ್ಚೇ, ಬಿಳಿ ರಕ್ತಕಣ 12,000 ದಾಟಿವೆಯೇ. ನಾಲ್ಕಕ್ಕೂ ಹೌದು ಎಂದರೆ ಕೀವು ಇರುವುದು ಬಹುತೇಕ ಖಚಿತ, ನಾಲ್ಕಕ್ಕೂ ಇಲ್ಲ ಎಂದರೆ ಸಾಧ್ಯತೆ ತೀರಾ ಕಡಿಮೆ. ಬೇರೆ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಈ ಲೆಕ್ಕ ಅಷ್ಟು ನಿಖರವಾಗಿ ಬರಲಿಲ್ಲ. ಹಾಗಾಗಿ ಇದು ಯೋಚನೆಗೆ ಊರುಗೋಲು, ಅಷ್ಟೆ.

ನಮ್ಮ ಹುಡುಗನಿಗೆ ಜ್ವರವಿಲ್ಲ, ಕುಂಟುತ್ತಲಾದರೂ ನಡೆಯುತ್ತಾನೆ. ಬಿಳಿ ಕಣ 6,200. ಇ.ಎಸ್.ಆರ್. 38. ಹಿಮೋಗ್ಲೋಬಿನ್ 10.4, ಪ್ಲೇಟ್‌ಲೆಟ್ 2.3 ಲಕ್ಷ. ಸೊಂಟದ ಎಕ್ಸ್‌ರೇ ನೇರವಾಗಿಯೂ ಕಪ್ಪೆ ಭಂಗಿಯಲ್ಲೂ ಸರಿ. ಅಂದು ನಮ್ಮಲ್ಲಿ ಸ್ಕ್ಯಾನಿಂಗ್ ಇಲ್ಲದ ದಿನ. ನಾಲ್ಕು ಪ್ರಶ್ನೆಗಳಿಗೂ ಉತ್ತರ ಇಲ್ಲ. ಸೈನೊವೈಟಿಸ್ ಎಂದು ಬರೆದೆ. ಐಬುಪ್ರೊಫೆನ್ ಕಿಲೊಗೆ 10 ಮಿಲಿಗ್ರಾಂ ಲೆಕ್ಕದಲ್ಲಿ 140 ಮಿಲಿಗ್ರಾಂ, ಅಂದರೆ ಐದು ಎಂ.ಎಲ್.ಗೆ 100 ಇರುವ ಸಿರಪ್ಪಿನಲ್ಲಿ 7 ಎಂ.ಎಲ್., ಊಟದ ನಂತರ ದಿನಕ್ಕೆ ಮೂರು ಸಲ, ಮೂರು ದಿನ. ಜ್ವರ ಬಂದರೆ ಅಥವಾ ಕಾಲೂರದಿದ್ದರೆ ರಾತ್ರಿಯಾದರೂ ಸರಿ ಬನ್ನಿ. ಏನಿಲ್ಲದಿದ್ದರೂ ಹತ್ತನೇ ದಿನ ತೋರಿಸಿ ಎಂದೆ.

ಈ ನಿರ್ಧಾರ ತಪ್ಪಾಗಿರಲಿಲ್ಲ ಎಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ಆ ಚೀಟಿಯಲ್ಲಿ ಎರಡು ಅಂಕಿಗಳನ್ನು ನಾನು ನೋಡಿಯೂ ನೋಡದೆ ಬಿಟ್ಟಿದ್ದೆ. ಇ.ಎಸ್.ಆರ್. 38 ಎಂಬುದು 40ಕ್ಕಿಂತ ಕಡಿಮೆ ಎಂದು ಖುಷಿಪಟ್ಟೆನೇ ಹೊರತು, ಸಾಮಾನ್ಯ ಸೈನೊವೈಟಿಸ್‌ಗೆ ಅದು ಹೆಚ್ಚೇ ಆಯಿತು ಎಂದು ಅನಿಸಲಿಲ್ಲ. ಹಿಮೋಗ್ಲೋಬಿನ್ 10.4ಕ್ಕಂತೂ ನಮ್ಮ ತಾಲ್ಲೂಕಿನಲ್ಲಿ ಯಾರೂ ಬೆಚ್ಚುವುದಿಲ್ಲ. ಅಂಗನವಾಡಿಯ ಎಷ್ಟೋ ಮಕ್ಕಳಿಗೆ ಅಷ್ಟೇ ಇರುತ್ತದೆ, ಕಬ್ಬಿಣದ ಸಿರಪ್ ಬರೆದು ಮುಗಿಸುತ್ತೇವೆ. ನಾನೂ ಬರೆದೆ.

ಹನ್ನೆರಡನೇ ದಿನದಿಂದ ಹತ್ತೊಂಬತ್ತರವರೆಗೆ

ನಾಲ್ಕನೇ ದಿನಕ್ಕೆ ಹುಡುಗ ಓಡಾಡುತ್ತಿದ್ದ. ಹಾಗಾಗಿ ಹತ್ತನೇ ದಿನ ಯಾರೂ ಬರಲಿಲ್ಲ. ವಾಸಿಯಾದ ಮಗುವನ್ನು ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಯಾರು ಕರೆತರುತ್ತಾರೆ? ಹನ್ನೆರಡನೇ ದಿನ ಮತ್ತೆ ಕುಂಟು ಬಂತು. ಈ ಸಲ ಎಡಗಾಲು. ಅಜ್ಜಿ ಪಕ್ಕದೂರಿಗೆ ಕರೆದೊಯ್ದು ಉಳುಕು ತೆಗೆಸಿದರು. ರಾತ್ರಿ ಎದ್ದು ಅಳತೊಡಗಿದ. ಬೆಳೆಯೋ ನೋವಿರಬೇಕು ಎಂದು ಯಾರೋ ಹೇಳಿದ್ದಕ್ಕೆ ಎರಡು ರಾತ್ರಿ ಎಣ್ಣೆ ತಿಕ್ಕಿದರು. ಹದಿನಾರನೇ ದಿನ ದೂರದ ಪೇಟೆಯಲ್ಲಿ ಒಬ್ಬ ವೈದ್ಯರಿಗೆ ತೋರಿಸಿದಾಗ ಅವರು ಮಕ್ಕಳ ಕೀಲುವಾತ ಎಂದು ಹೇಳಿ ಎರಡು ವಾರಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಸಿರಪ್ ಬರೆದರು.

ಹತ್ತೊಂಬತ್ತನೇ ದಿನ ತಂದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಜೇಬಿನಿಂದ ಚೀಟಿ ತೆಗೆದು, "ಮೇಡಂ, ಈ ಸಿರಪ್ಪು ನಮ್ಮೂರಲ್ಲಿ ಸಿಗಲಿಲ್ಲ. ನಿಮ್ಮಲ್ಲಿ ಇದ್ರೆ ಕೊಡಿ," ಎಂದರು. ಪರೀಕ್ಷೆ ಮಾಡಿಸಲು ಅವರು ಬಂದಿರಲಿಲ್ಲ. ಆ ಸಿರಪ್ ನಮ್ಮ ಔಷಧಾಲಯದಲ್ಲಿ ಇತ್ತು. ಕೊಟ್ಟು ಕಳಿಸಿದ್ದರೆ ಇದು ಬೇರೆ ಕಥೆಯಾಗುತ್ತಿತ್ತು.

ತಡೆದದ್ದು ನನ್ನ ಜಾಣತನವೇನಲ್ಲ. ಹುಡುಗನ ತುಟಿಯ ಬಣ್ಣ. ಮೂರು ವಾರದ ಹಿಂದೆ ನೋಡಿದ ಮುಖಕ್ಕಿಂತ ಇದು ಬಿಳಿಚಿತ್ತು. "ಸ್ವಲ್ಪ ಮಲಗಿಸಿ ಅಣ್ಣ, ನೋಡಿಬಿಡ್ತೀನಿ," ಎಂದೆ.

ಜ್ವರ 38.1. ನಿಲ್ಲಿಸಿದರೆ ಎರಡೂ ಕಾಲು ಮಡಚಿಕೊಂಡು ಕುಸಿಯುತ್ತಾನೆ. ಸೊಂಟ ಎರಡೂ ಕಡೆ ಹೆಚ್ಚುಕಡಿಮೆ ಸಲೀಸಾಗಿ ತಿರುಗಿತು. ಮಂಡಿಯಲ್ಲಿ ಊತ ಇಲ್ಲ, ಬಿಸಿ ಇಲ್ಲ, ಮೆಲ್ಲಗೆ ಮಡಚಿದರೆ ಬಿಡುತ್ತಾನೆ. ಆದರೆ ಮಂಡಿಯ ಎರಡು ಬೆರಳು ಮೇಲೆ ತೊಡೆಮೂಳೆಯನ್ನು ಒತ್ತಿದಾಗ ಕಿರುಚಿದ. ಮುಂಗಾಲಿನ ಮೂಳೆಯ ಮೇಲ್ಭಾಗ ಒತ್ತಿದಾಗಲೂ ಅಷ್ಟೇ, ಎರಡೂ ಕಡೆ. ಕೀಲುವಾತದ ಮಗುವಿಗೆ ನೋವು ಕೀಲಿನಲ್ಲಿ. ಈ ಹುಡುಗನಿಗೆ ನೋವು ಮೂಳೆಯಲ್ಲಿ. ಬೆನ್ನಿನ ಗೊಣಸುಗಳನ್ನು ಒಂದೊಂದಾಗಿ ತಟ್ಟಿ ನೋಡಿದೆ, ಅಲ್ಲಿ ನೋವಿರಲಿಲ್ಲ. ಹೊಟ್ಟೆ ಮುಟ್ಟಿದರೆ ಯಕೃತ್ತು ಪಕ್ಕೆಲುಬಿನ ಕೆಳಗೆ ಎರಡು ಬೆರಳು, ಗುಲ್ಮದ ತುದಿ ಬೆರಳಿಗೆ ತಾಗಿತು. ಮೊದಲ ಭೇಟಿಯಲ್ಲಿ ನಾನು ಹೊಟ್ಟೆ ನೋಡಿರಲಿಲ್ಲ. ಕುಂಟುವ ಮಗುವಿನ ಹೊಟ್ಟೆ ನೋಡುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅಂದು ನನ್ನ ಬೆರಳಿನ ಕೆಳಗಿತ್ತು.

ತಾಯಿಯನ್ನು ರಾತ್ರಿಯ ನೋವಿನ ಬಗ್ಗೆ ಮತ್ತೆ ಕೇಳಿದೆ. ಬೆಳೆಯುವ ನೋವು ಇರುವ ಮಗು ರಾತ್ರಿ ಅಳುತ್ತದೆ, ಕಾಲು ಒತ್ತಿದರೆ ಸಮಾಧಾನವಾಗುತ್ತದೆ, ಬೆಳಿಗ್ಗೆ ಏನೂ ಆಗದವರಂತೆ ಓಡುತ್ತದೆ. ಹಗಲಲ್ಲಿ ಕುಂಟಿದರೆ ಅದು ಬೆಳೆಯುವ ನೋವಲ್ಲ, ಈ ಒಂದು ನಿಯಮಕ್ಕೆ ನಾನು ವಿನಾಯಿತಿ ಕೊಡುವುದಿಲ್ಲ. ಕೀಲುವಾತದ ಮಗು ಬೆಳಿಗ್ಗೆ ಮರಗಟ್ಟಿದಂತೆ ಎದ್ದು, ಹೊತ್ತೇರಿದಂತೆ ಸಡಿಲವಾಗುತ್ತದೆ. "ಬೆಳಿಗ್ಗೆ, ಮಧ್ಯಾಹ್ನ ಅಂತೇನಿಲ್ಲ ಮೇಡಂ. ರಾತ್ರಿ ಮಾತ್ರ ನಿದ್ದೇಲಿ ಎದ್ದು ಕೂತು ಕೂಗ್ತಾನೆ. ಕಾಲು ಮುಟ್ಟಕ್ಕೂ ಬಿಡಲ್ಲ," ಎಂದರು ತಾಯಿ.

ಒಂದಕ್ಕೊಂದು ಹೊಂದದ ಅಂಕಿಗಳು

ರಕ್ತದ ವರದಿ ಮಧ್ಯಾಹ್ನ ಬಂತು. ಹಿಮೋಗ್ಲೋಬಿನ್ 8.9. ಬಿಳಿ ಕಣ 4,100, ಅದರಲ್ಲಿ ನ್ಯೂಟ್ರೊಫಿಲ್ ಕೇವಲ 18 ಶೇಕಡ, ಉಳಿದವು ಬಹುತೇಕ ಲಿಂಫೊಸೈಟ್. ಪ್ಲೇಟ್‌ಲೆಟ್ 1.58 ಲಕ್ಷ. ಇ.ಎಸ್.ಆರ್. 92.

ಈ ಚೀಟಿಯ ಮುಂದೆ ನಾನು ಕೂತ ಹತ್ತು ನಿಮಿಷವೇ ಈ ಪ್ರಕರಣದ ತಿರುವು. ಒಂದೊಂದೇ ಅಂಕಿ ಓದಿದರೆ ಪ್ರತಿಯೊಂದಕ್ಕೂ ಒಂದು ಸಬೂಬು ಸಿಗುತ್ತದೆ. ಹಿಮೋಗ್ಲೋಬಿನ್ನಿಗೆ ಊಟ ಕಾರಣ, ಬಿಳಿ ಕಣಕ್ಕೆ ವೈರಸ್ ಕಾರಣ. ಪ್ಲೇಟ್‌ಲೆಟ್ 1.5 ಲಕ್ಷದ ಗೆರೆಗಿಂತ ಮೇಲಿದೆ, ಯಂತ್ರ ಅದಕ್ಕೆ ಕೆಂಪು ಗುರುತನ್ನೂ ಹಾಕಿರಲಿಲ್ಲ. ಆದರೆ ಅವನ್ನು ಒಟ್ಟಿಗೆ ಇಟ್ಟರೆ ಜಗಳವಾಡುತ್ತವೆ. ಇ.ಎಸ್.ಆರ್. 92 ಎಂದರೆ ಮೈಯಲ್ಲಿ ದೊಡ್ಡ ಉರಿಯೂತ ನಡೆಯುತ್ತಿದೆ ಎಂದರ್ಥ. ಕೀವಿರಲಿ, ಮೂಳೆಯ ಸೋಂಕಿರಲಿ, ಕೀಲುವಾತವಿರಲಿ, ಉರಿಯೂತ ಅಷ್ಟಿದ್ದರೆ ರಕ್ತಕಣಗಳ ಕಾರ್ಖಾನೆಯಾದ ಅಸ್ಥಿಮಜ್ಜೆ ಹಗಲಿರುಳು ದುಡಿಯಬೇಕು. ನ್ಯೂಟ್ರೊಫಿಲ್ ಏರಬೇಕು, ಪ್ಲೇಟ್‌ಲೆಟ್ ನಾಲ್ಕೋ ಐದೋ ಲಕ್ಷಕ್ಕೆ ಹೋಗಬೇಕು. ಇಲ್ಲಿ ಎರಡೂ ಇಳಿದಿವೆ. ಪ್ಲೇಟ್‌ಲೆಟ್ ಮೂರು ವಾರದಲ್ಲಿ 2.3 ಲಕ್ಷದಿಂದ 1.58ಕ್ಕೆ ಬಂದಿದೆ. ಕೆಲಸದ ಕರೆ ಬಂದಿದೆ, ಕಾರ್ಖಾನೆ ಓಡುತ್ತಿಲ್ಲ. ಹಾಗಾದರೆ ತೊಂದರೆ ಕಾರ್ಖಾನೆಯಲ್ಲೇ ಇರಬೇಕು.

ನೋಟ್‌ಬುಕ್ಕಿನ ನಡುಪುಟದ ಪಟ್ಟಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಒಂದೊಂದೇ ಹೊಡೆದುಹಾಕಿದೆ. ಸೈನೊವೈಟಿಸ್ ಕಾಲು ಬದಲಿಸಿ, ಜ್ವರ ಸೇರಿಸಿ, ಹತ್ತೊಂಬತ್ತನೇ ದಿನ ಹೆಚ್ಚಾಗುವುದಿಲ್ಲ. ಪರ್ಥೀಸ್‌ನಲ್ಲಿ ರಕ್ತ ಸರಿಯಿರುತ್ತದೆ, ಜ್ವರವಿರುವುದಿಲ್ಲ. ಕೀಲುವಾತ ಎನ್ನಲು ಕೀಲಿನಲ್ಲಿ ಊತವಾದರೂ ಇರಬೇಕು, ಅದು ಕನಿಷ್ಠ ಆರು ವಾರ ಉಳಿದಿರಬೇಕು. ಮೂರು ವಾರಕ್ಕೆ ಆ ಹೆಸರನ್ನು ಯಾರೂ ಕೊಡುವಂತಿಲ್ಲ. ಮೂಳೆಯ ಸೋಂಕು ಸಾಮಾನ್ಯವಾಗಿ ಒಂದು ಕಡೆ ಹಿಡಿಯುತ್ತದೆ, ಎರಡೂ ಕಾಲುಗಳ ನಾಲ್ಕು ಜಾಗದಲ್ಲಿ ಒಂದೇ ಸಮನೆ ನೋಯುವುದಿಲ್ಲ. ಉಳಿದದ್ದು ಅಂಡರ್‌ಲೈನ್ ಮಾಡಿದ ಸಾಲು.

ಆಗ ಲ್ಯಾಬಿನ ಹುಡುಗನಿಗೆ ಹೇಳಿ ಗಾಜಿನ ಮೇಲೆ ರಕ್ತ ಹರಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದೆ. ನಾನೂ ನೋಡಿದೆ. ಲುಕೇಮಿಯಾದ ಬ್ಲಾಸ್ಟ್ ಕಣಗಳು ಒಂದೂ ಸಿಗಲಿಲ್ಲ. ಒಂದು ಕ್ಷಣ ಉಸಿರು ಬಿಟ್ಟೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ತಂದೆಗೆ ಗಾಬರಿ ಹುಟ್ಟಿಸುವ ಮಾತು ಆಡಬೇಕಿಲ್ಲ ಎಂಬ ನೆಮ್ಮದಿ. ಆದರೆ ಮೂಳೆನೋವಿನಿಂದ ಶುರುವಾಗುವ ಲುಕೇಮಿಯಾದಲ್ಲಿ ರೋಗದ ಕಣಗಳು ಎಷ್ಟೋ ದಿನ ಮಜ್ಜೆಯೊಳಗೇ ತುಂಬಿಕೊಂಡು, ಹರಿಯುವ ರಕ್ತಕ್ಕೆ ಇಳಿಯದೆ ಇರಬಹುದು. ಮೂಳೆ ನೋಯುವುದೇ ಒಳಗೆ ಹೀಗೆ ಕಿಕ್ಕಿರಿದು ತುಂಬಿಕೊಳ್ಳುವುದರಿಂದ. ರಕ್ತದಲ್ಲಿ ಕಾಣಲಿಲ್ಲ ಎಂದರೆ ಮಜ್ಜೆಯಲ್ಲಿ ಇಲ್ಲ ಎಂದಾಗುವುದಿಲ್ಲ.

ಎರಡೂ ಮಂಡಿಗಳ ಎಕ್ಸ್‌ರೇ ತೆಗೆಸಿದೆ. ತೊಡೆಮೂಳೆ ಬೆಳೆಯುವ ತಟ್ಟೆಯ ಮಗ್ಗುಲಲ್ಲಿ, ಅಡ್ಡಕ್ಕೆ, ಸೀಮೆಸುಣ್ಣದ ಗೆರೆ ಒರೆಸಿದಂಥ ಮಸುಕಾದ ಪಟ್ಟಿ, ಎರಡೂ ಕಡೆ ಒಂದೇ ತರಹ. ಇದು ಲುಕೇಮಿಯಾಕ್ಕೆ ಮಾತ್ರ ಸೀಮಿತವಾದ ಗುರುತೇನಲ್ಲ. ಬೇರೆ ದೀರ್ಘ ಕಾಯಿಲೆಗಳಲ್ಲೂ ಬರುತ್ತದೆ. ಆದರೆ ಇಷ್ಟರ ಮೇಲೆ ಇದೂ ಸೇರಿದಾಗ ನನಗೆ ಇನ್ನೊಂದು ಪುರಾವೆ ಬೇಕಿರಲಿಲ್ಲ.

ಸಿರಪ್ಪಿನ ಚೀಟಿ

ಆ ಪೇಟೆಯ ವೈದ್ಯರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಅವರ ಮುಂದಿದ್ದದ್ದು ಕಾಲು ಬದಲಿಸುವ ನೋವು ಮತ್ತು ಏರಿದ ಇ.ಎಸ್.ಆರ್. ಮಾತ್ರ, ನನ್ನ ಮೊದಲ ಚೀಟಿ ಅವರ ಕೈಗೆ ಹೋಗಿರಲಿಲ್ಲ. ಆದರೂ ಮಜ್ಜೆಯ ಬಗ್ಗೆ ಒಂದಿಷ್ಟು ಅನುಮಾನ ಉಳಿದಿರುವಾಗ ಸ್ಟಿರಾಯ್ಡ್ ಮುಟ್ಟಬಾರದು ಎಂಬುದನ್ನು ಕುಂಟುವ ಮಗುವನ್ನು ನೋಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಕಾರಣ ಸ್ವಾರಸ್ಯವಾಗಿದೆ. ಪ್ರೆಡ್ನಿಸೊಲೋನ್ ಲಿಂಫೊಸೈಟ್ ಲುಕೇಮಿಯಾಕ್ಕೂ ಔಷಧಿಯೇ. ಎರಡು ವಾರ ಕೊಟ್ಟರೆ ನೋವು ಮಾಯವಾಗುತ್ತದೆ, ಹುಡುಗ ಎದ್ದು ಓಡುತ್ತಾನೆ, ಎಲ್ಲರೂ ಕೀಲುವಾತವೇ ಎಂದು ನಂಬುತ್ತಾರೆ. ಮಜ್ಜೆಯಲ್ಲಿರುವ ರೋಗದ ಕಣಗಳೂ ಅರ್ಧಂಬರ್ಧ ಸತ್ತು ಪರೀಕ್ಷೆಯಲ್ಲಿ ಗೊಂದಲವಾಗುತ್ತದೆ. ಉಳಿದವು ಸ್ವಲ್ಪ ಕಾಲದ ಮೇಲೆ ತಿರುಗಿ ಬರುತ್ತವೆ. ಹೀಗೆ ಮೊದಲೇ ಸ್ಟಿರಾಯ್ಡ್ ಬಿದ್ದ ಮಗುವನ್ನು ಎಷ್ಟೋ ಚಿಕಿತ್ಸಾಕ್ರಮಗಳಲ್ಲಿ ಹೆಚ್ಚು ಅಪಾಯದ ಗುಂಪಿಗೆ ಸೇರಿಸಿ ಕಠಿಣವಾದ ಔಷಧಿ ಕೊಡಬೇಕಾಗುತ್ತದೆ. ಇನ್ನೊಂದು ಅಪಾಯ ಕೂಡಲೇ ಬರುವಂಥದ್ದು: ಒಂದೇ ಸಲಕ್ಕೆ ಬಹಳ ಕಣಗಳು ಒಡೆದರೆ ಪೊಟ್ಯಾಸಿಯಂ, ಯೂರಿಕ್ ಆಮ್ಲ ಏರಿ ಮೂತ್ರಪಿಂಡ ಕೈಕೊಡಬಹುದು.

ತಂದೆಗೆ ಹೇಳುವುದು ಉಳಿದಿತ್ತು. "ಈ ಸಿರಪ್ ಕೊಡೋದು ಬೇಡ. ಕಾಲಿನ ತೊಂದರೆ ಕಾಲಿನದಲ್ಲ, ರಕ್ತ ತಯಾರಾಗೋ ಜಾಗದ್ದು ಅಂತ ನನಗೆ ಅನುಮಾನ. ಮೂಳೆಯೊಳಗಿನ ಮಜ್ಜೆ ಪರೀಕ್ಷೆ ಮಾಡೋ ಕಡೆಗೆ ಇವತ್ತೇ ಹೊರಡಬೇಕು," ಎಂದೆ. ಕ್ಯಾನ್ಸರ್ ಎಂಬ ಶಬ್ದ ಆಡಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅವರೇ ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ಆದರೆ ನೋಡದೆ ಬಿಡುವ ಹಾಗಿಲ್ಲ ಎಂದೆ. ಅಜ್ಜಿ ಮಾತ್ರ, "ಕಾಲು ನೋವಿಗೆ ರಕ್ತದ ಡಾಕ್ಟ್ರು ಯಾಕವ್ವಾ?" ಎಂದು ಮತ್ತೆ ಮತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಕೈ ಹಿಡಿದು ಮೊಮ್ಮಗನ ತೊಡೆಯ ಮೇಲಿಟ್ಟು, ಇದರೊಳಗೇ ರಕ್ತ ಹುಟ್ಟುವುದು ಎಂದು ತೋರಿಸಿದೆ.

ಚೀಟಿಯಲ್ಲಿ ಎರಡೂ ದಿನದ ಅಂಕಿಗಳನ್ನು ಅಕ್ಕಪಕ್ಕ ಬರೆದು, ಕೆಳಗೆ ದೊಡ್ಡದಾಗಿ "ಸ್ಟಿರಾಯ್ಡ್ ಕೊಟ್ಟಿಲ್ಲ" ಎಂದು ಸೇರಿಸಿದೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಪ್ಲೇಟ್‌ಲೆಟ್ ಇಳಿಯುತ್ತಿರುವವನಿಗೆ ಐಬುಪ್ರೊಫೆನ್ ಮುಂದುವರಿಸುವುದು ಸರಿಯಲ್ಲ.

ಮೂರನೇ ದಿನ ಬೆಂಗಳೂರಿನಿಂದ ಫೋನ್ ಬಂತು. ಮಜ್ಜೆಯಲ್ಲಿ ಬ್ಲಾಸ್ಟ್ ಕಣಗಳು ಎಂಬತ್ತು ಶೇಕಡಕ್ಕಿಂತ ಹೆಚ್ಚು. ಬಿ ಗುಂಪಿನ ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲುಕೇಮಿಯಾ, ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್. ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ. ಮೊದಲ ವಾರದ ಔಷಧಿಗಳಲ್ಲಿ ಒಂದು ಪ್ರೆಡ್ನಿಸೊಲೋನ್. ಮೊದಲೇ ನೀರು ಹತ್ತಿಸಿ, ಯೂರಿಕ್ ಆಮ್ಲ ಏರದಂತೆ ತಡೆಯುವ ಮಾತ್ರೆ ಕೊಟ್ಟು, ದಿನವೂ ರಕ್ತ ನೋಡುತ್ತ ಅದನ್ನು ಶುರುಮಾಡಿದರು. ಐದನೇ ದಿನ ಹುಡುಗ ವಾರ್ಡಿನಲ್ಲಿ ಎದ್ದು ನಿಂತ.

ಈಗ ನಾನು ಕೆಲಸ ಮಾಡುವ ರೀತಿ ಎರಡು ಕಡೆ ಬದಲಾಗಿದೆ. ಕುಂಟುವ ಮಗುವಿಗೆ ಬರೆಯುವ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಮತ್ತು ಇ.ಎಸ್.ಆರ್. ಅನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಎರಡೂ ಒಟ್ಟಿಗೆ ಏರಿದ್ದರೆ ಸೋಂಕು ಅಥವಾ ಉರಿಯೂತ ಹುಡುಕುತ್ತೇನೆ, ಒಂದು ಏರಿ ಇನ್ನೊಂದು ಇಳಿದಿದ್ದರೆ ಮಜ್ಜೆಯ ಬಗ್ಗೆ ಯೋಚಿಸುತ್ತೇನೆ. ರಾತ್ರಿಯ ನೋವು, ಕಡಿಮೆ ಬಿಳಿ ಕಣ, ಇನ್ನೂ ಗೆರೆಯ ಒಳಗಿದ್ದರೂ ಕೆಳಮಟ್ಟದಲ್ಲಿರುವ ಪ್ಲೇಟ್‌ಲೆಟ್, ಈ ಮೂರೂ ಕೂಡಿ ಬಂದರೆ ಕೀಲುವಾತ ಎಂದು ಬರೆಯುವ ಮೊದಲು ಮಜ್ಜೆ ನೋಡಿಸುತ್ತೇನೆ. ಇನ್ನೊಂದು, ಸೈನೊವೈಟಿಸ್ ಎಂದು ಕಳಿಸಿದ ಮನೆಯವರ ಫೋನ್ ನಂಬರನ್ನು ಆಶಾ ಕಾರ್ಯಕರ್ತೆಗೆ ಕೊಟ್ಟು ಹತ್ತನೇ ದಿನ ಕೇಳಿಸುತ್ತೇನೆ. ನೋವು ಹೋಯಿತೇ ಎಂದು ಕೇಳಿದರೆ ಸಾಲದು, ಹೋದದ್ದು ಮತ್ತೆ ಬಂತೇ ಎಂದೂ ಕೇಳಬೇಕು.

ಏಳು ತಿಂಗಳ ನಂತರ ಆ ತಂದೆ ಹುಡುಗನನ್ನು ಮತ್ತೆ ಕರೆತಂದರು. ತಲೆಯಲ್ಲಿ ಹೊಸ ಕೂದಲು ಮೊಳೆಯುತ್ತಿತ್ತು. ಬಾಗಿಲಲ್ಲೇ ನಿಂತು, "ಮೇಡಂ, ಮತ್ತೆ ಕುಂಟ್ತಿದಾನೆ," ಎಂದವರ ದನಿ ನಡುಗುತ್ತಿತ್ತು. ತಾಯಿಯನ್ನು ಕಾರಿಡಾರಿನ ಆ ತುದಿಗೆ ಕಳಿಸಿ ನಡೆಸಿದೆ. ಮಂಡಿಯನ್ನು ಎತ್ತರಕ್ಕೆ ಎತ್ತಿ, ಕೆಸರಿನಲ್ಲಿ ನಡೆಯುವವನಂತೆ ಬಂದ. ಪ್ರತಿ ಹೆಜ್ಜೆಗೂ ಪಾದ ನೆಲಕ್ಕೆ ಪಟ್ ಎಂದು ಬೀಳುತ್ತಿತ್ತು. ಮುಖದಲ್ಲಿ ನೋವಿಲ್ಲ, ನಗುತ್ತಲೇ ಬಂದ. ಎಲ್ಲಿ ಒತ್ತಿದರೂ ನೋವಿಲ್ಲ. ಹಿಮ್ಮಡಿಯ ಹಿಂದೆ ತಟ್ಟಿದರೆ ಪಾದ ಅಲುಗಲಿಲ್ಲ. ಈ ಸಲ ಶಕ್ತಿ ಇಲ್ಲದ ಕುಂಟು. ಲುಕೇಮಿಯಾಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಕಾಲಿನ ನರಗಳನ್ನು ಸೋಲಿಸಿ ಪಾದ ಜೋತುಬೀಳುವಂತೆ ಮಾಡುತ್ತದೆ; ಔಷಧಿಯ ಪ್ರಮಾಣ ತಗ್ಗಿಸಿದರೆ ಸಾಮಾನ್ಯವಾಗಿ ತಿಂಗಳುಗಳಲ್ಲಿ ಸರಿಹೋಗುತ್ತದೆ. ರಕ್ತ ತೆಗೆದು ನೋಡಿದೆ, ಅಂಕಿಗಳು ಜಗಳವಾಡುತ್ತಿರಲಿಲ್ಲ. ಬೆಂಗಳೂರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಮಾಡಿಸಿಕೊಡುವವರ ವಿಳಾಸವನ್ನು ತಂದೆಗೆ ಬರೆದುಕೊಟ್ಟೆ. ಅದು ಬರುವವರೆಗೆ ಹುಡುಗ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳಬೇಕಿತ್ತು, ಜೋತ ಪಾದದಲ್ಲಿ ಚಪ್ಪಲಿ ನಿಲ್ಲುವುದಿಲ್ಲ.